ಡಬ್ಬಿಯ ಹೊಟ್ಟೆಯ ಮೇಲಿನ ಹೆಸರು

ಕ್ಯಾಲಿಫೋರ್ನಿಯಾದ ಹೇವರ್ಡಿನ ಗೋದಾಮೊಂದರಲ್ಲಿ ಕೂತು ಬಹುಮಾನದ ಫಲಕಗಳ ಫೋಟೋ ತಿದ್ದುವುದು ನನ್ನ ಹೊಟ್ಟೆಪಾಡು. ಲೋಹದ ಮೇಲೆ ಕೊರೆದ ಹೆಸರನ್ನು ಫೋಟೋದಲ್ಲಿ ಅಳಿಸಿ, ಗಿರಾಕಿಯ ಹೆಸರು ಕೊರೆದಂತೆ ತೋರಿಸಬೇಕು. ಜನ್ಮದಲ್ಲಿ ಒಂದು ಬಹುಮಾನವನ್ನೂ ಕಾಣದ ನಾನು ಎಷ್ಟು ದಡ್ಡರನ್ನು ಗೆಲ್ಲಿಸಿದ್ದೇನೋ!

ಹಾಗಾಗಿ ಯೂನಿಯನ್ ಸಿಟಿಯ ಗೆಳತಿ ನನ್ನನ್ನೇ ಹಿಡಿದಳು. ಗಂಡನನ್ನು ಬಿಟ್ಟು ಬಂದಿದ್ದಳು, ಹೋಳಿಗೆ ಮಾರಲು ಹೊರಟಿದ್ದಳು. ಸ್ಟೀಲ್ ಡಬ್ಬಿಯ ಮೇಲೆ ಹೋಳಿಗೆ ಪೇರಿಸಿ ತೆಗೆದ ಫೋಟೋ ನೋಡಿದರೆ ಬಾಯಲ್ಲಿ ನೀರೂರುತ್ತಿತ್ತು. ಆದರೆ ಡಬ್ಬಿಯ ಹೊಟ್ಟೆಯ ಮೇಲೆ ಕೊರೆಸಿದ್ದು ಮಾಜಿ ಅತ್ತೆಯ ಹೆಸರು. ಮದುವೆಯಲ್ಲಿ ಅವರೇ ಕೊಟ್ಟ ಡಬ್ಬಿ ಅದು.

"ಹಿಂಗ ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪಿನ್ಯಾಗ ಹಾಕಿದ್ರ, ಗಂಡನ್ನ ಬಿಟ್ಲು, ಡಬ್ಬಿ ಬಿಡಲಿಲ್ಲ ಅಂತಾರ. ಒಂದು ಆರ್ಡರೂ ಬರಂಗಿಲ್ಲ" ಎಂದಳು.

"ಬೇರೆ ಡಬ್ಬಿ ಇಟ್ಟು ಇನ್ನೊಂದು ಫೋಟೋ ತೆಗಿ."

"ಹೋಳಿಗಿ ಎಲ್ಲಿ ಉಳದಾವ?"

ನಿಜ. ಅವು ನನ್ನ ಹೊಟ್ಟೆ ಸೇರಿದ್ದವು. ತಿಂದ ಋಣಕ್ಕೆ ಲ್ಯಾಪ್‌ಟಾಪು ತೆರೆದೆ.

ಅತ್ತೆಯ ಹೆಸರಿನ ಮೇಲೆ ಪಕ್ಕದ ಸ್ಟೀಲಿನ ಚೂರುಗಳನ್ನು ತೇಪೆ ಹಾಕಿ ಮುಚ್ಚಿದೆ. ಪಾತ್ರೆ ಅಂಗಡಿಯವನ ಕೈಬರಹ ಯಾವ ಫಾಂಟಿನಲ್ಲೂ ಸಿಗುವುದಿಲ್ಲ, ಆದ್ದರಿಂದ ಗೆಳತಿಯ ಹೆಸರನ್ನು ನಡುಗುವ ಗೆರೆಯಲ್ಲಿ ನಾನೇ ಬರೆದು ಡಬ್ಬಿಯ ದುಂಡಿಗೆ ತಕ್ಕಂತೆ ಬಾಗಿಸಿದೆ. ಅಕ್ಷರದ ಬಣ್ಣ ತೆಗೆದು ಒಳಗಿನ ಸ್ಟೀಲು ಕಾಣುವಂತೆ ಬಿಟ್ಟೆ, ಅಂಚಿಗೆ ಬೆವೆಲ್, ಅಂದರೆ ಇಳಿಜಾರಿನಂತೆ ಕಾಣುವ ನೆರಳು-ಬೆಳಕು ಕೊಟ್ಟು ಕೆಳಕ್ಕೆ ತಗ್ಗಿಸಿದೆ.

"ಅಯ್ಯ, ಶ್ಯಾವಿಗಿ ಅಂಟಿಸಿದಂಗ ಕಾಣತದಲ್ಲ!" ಎಂದಳು.

ಹೌದು, ಅಕ್ಷರಗಳು ಉಬ್ಬಿ ನಿಂತಿದ್ದವು. ಡಬ್ಬಿಯ ಬದಿಯಲ್ಲಿದ್ದ ಒಂದು ತಗ್ಗು ಕಾರಣ ಹೇಳಿತು. ಅದರ ಬಲ ಅಂಚು ಕಪ್ಪು, ಎಡ ಅಂಚು ಬಿಳುಪು. ತಗ್ಗಿನಲ್ಲಿ ಬೆಳಕು ಬರುವ ಕಡೆಯ ಅಂಚೇ ನೆರಳಾಗುತ್ತದೆ. ಅಂದರೆ ಕಿಟಕಿ ಇದ್ದದ್ದು ಬಲಕ್ಕೆ, ನನ್ನ ಸಾಫ್ಟ್‌ವೇರಿನ ಸೂರ್ಯ ಎಡಕ್ಕೆ ಹುಟ್ಟಿದ್ದ. ಬೆಳಕನ್ನು ಬಲಕ್ಕೆ ತಿರುಗಿಸಿದ್ದೇ ತಡ, ಅಕ್ಷರಗಳು ಲೋಹದೊಳಗೆ ಇಳಿದವು. ಗುರುವಿಗೆ ಗೌರವ ಸಲ್ಲಬೇಕಲ್ಲ, ಆ ತಗ್ಗನ್ನು ಮಾತ್ರ ಅಳಿಸಲಿಲ್ಲ.

ಫೋಟೋ ಗ್ರೂಪಿಗೆ ಹೋಯಿತು. ಸ್ವಲ್ಪ ಹೊತ್ತಿಗೇ ಮೌಂಟನ್ ವ್ಯೂನಲ್ಲಿ ಮಗನ ಮನೆಯಲ್ಲಿರುವ ಅತ್ತೆಯ ಫೋನು. ಗೆಳತಿ ಹೆದರಿ ಸ್ಪೀಕರಿಗೆ ಹಾಕಿ ನನ್ನ ಕೈ ಹಿಡಿದುಕೊಂಡಳು.

"ಹೆಸರು ಛಲೋ ಕೂತದವಾ. ಆದ್ರ ಆ ತಗ್ಗು ನಾ ಮರೀತೀನೇನು? ನಿನ್ನ ಮದವಿ ಗದ್ದಲದಾಗ ನಾನ ಬೀಳಿಸಿದ್ದು."

ನನ್ನ ವಿದ್ಯೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಗೆಳತಿ ಬಿಕ್ಕತೊಡಗಿದಳು.

"ಅಳಬ್ಯಾಡ. ನಿನಗ ಕೊಟ್ಟ ಡಬ್ಬಿಗೆ ನನ್ನ ಹೆಸರು ಹಾಕ್ಸಿದ್ದ ನಂದ ತಪ್ಪು. ಮೊದಲ್ನೇ ಆರ್ಡರ್ ನಂದು ಬರ್ಕೋ, ಹತ್ತು ಹೋಳಿಗಿ. ನನ್ನ ಮಗಗ ಹೇಳಬ್ಯಾಡ, ಹೊಟ್ಟಿಬಾಕ, ಒಂದೂ ಉಳಸಂಗಿಲ್ಲ."

ಗೆಳತಿ ಅಳುತ್ತಲೇ ನಕ್ಕಳು, "ಆಯ್ತು ಅತ್ತಿ" ಎಂದಳು. ನನಗೂ ಕಣ್ಣು ಒದ್ದೆಯಾಯಿತು. ಆಮೇಲೆ ಅವಳು ಕಡಲೆಬೇಳೆ ಅಳೆಯಲು ಎದ್ದಳು. ಬೇಳೆ ಇದ್ದದ್ದು ಅದೇ ಡಬ್ಬಿಯಲ್ಲಿ, ಅದರ ಮೇಲೆ ಅತ್ತೆಯ ಹೆಸರು ಹಾಗೆಯೇ ಇತ್ತು.