ಅರ್ಧ ಇಳಿಸಿದ ಶಟರಿನ ಭಾನುವಾರಗಳು

ಶಹಾಪುರದ ಬಟ್ಟೆ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದಾಗ ನಮ್ಮ ಸಾವ್ಕಾರರ ದನಿ ನನ್ನ ಗಂಟಲಲ್ಲಿ ಬಾಡಿಗೆಗಿತ್ತು. ಅವರು ಹೊರಗೆ ಹೋದರೆ ಸಾಕು, ನಾನು ಗಲ್ಲಾಪೆಟ್ಟಿಗೆಯ ಹಿಂದೆ ನಿಂತು, ಇಲ್ಲದ ಹೊಟ್ಟೆಯನ್ನು ಮುಂದೆ ಮಾಡಿ, ಮೂಗಿನಿಂದ ಕೂಗುತ್ತಿದ್ದೆ: “ಲೇ, ಕುಂತ್ರ ಬಟ್ಟಿ ತಾವಾ ಮಾರ್ತಾವೇನು? ಏಳ್ರಿ!” ಎಲ್ಲರೂ ನಗುತ್ತಿದ್ದರು. ಏಳುವ ಪ್ರಶ್ನೆಯೇ ಇರಲಿಲ್ಲ. ಕೂರಲು ಅಂಗಡಿಯಲ್ಲಿ ಒಂದು ಸ್ಟೂಲೂ ಇರಲಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಎತ್ತಿದ ಶಟರ್ ರಾತ್ರಿ ಒಂಬತ್ತಕ್ಕೆ ಇಳಿಯುತ್ತಿತ್ತು. ಊಟಕ್ಕೆ ಹದಿನೈದು ನಿಮಿಷ, ಸೀರೆ ಗಂಟುಗಳ ಹಿಂದೆ ನಿಂತುಕೊಂಡೇ ರೊಟ್ಟಿ. ಗೋಡೆಯ ಮೇಲೆ, ಅರ್ಧ ಕ್ಯಾಲೆಂಡರಿನ ಹಿಂದಿದ್ದ ಬೋರ್ಡು ಮಾತ್ರ ಬೇರೆ ಯಾವುದೋ ಅಂಗಡಿಯ ಕತೆ ಹೇಳುತ್ತಿತ್ತು: ವಿಶ್ರಾಂತಿ ಒಂದರಿಂದ ಎರಡು, ವಾರದ ರಜೆ ಭಾನುವಾರ. ಭಾನುವಾರ ಅಂಗಡಿ ಮುಚ್ಚಿರುತ್ತಿತ್ತು, ಸುಳ್ಳಲ್ಲ. ಶಟರ್ ಸೊಂಟದ ಮಟ್ಟಕ್ಕೆ ಇಳಿದಿರುತ್ತಿತ್ತು. ಒಳಗೆ ನಾವು ನಾಲ್ಕು ಜನ, ವಾರವಿಡೀ ಗಿರಾಕಿಗಳು ಬಿಚ್ಚಿ ಬಿಸಾಕಿದ ಸೀರೆಗಳನ್ನು ಮಧ್ಯಾಹ್ನ ಎರಡರ ತನಕ ಮಡಚುತ್ತಿದ್ದೆವು. ಇದು ಕೆಲಸವಲ್ಲ, “ಸ್ವಲ್ಪ ಕೈ ಹಚ್ಚೋದು” ಎನ್ನುತ್ತಿದ್ದರು ಸಾವ್ಕಾರರು.

ಸೀರೆ ವಿಭಾಗದ ಅಕ್ಕ ಹದಿನೈದು ವರ್ಷದಿಂದ ಹೀಗೆ ಕೈ ಹಚ್ಚುತ್ತಿದ್ದಳು. ಅವಳ ಮಗಳು ಸುರಪುರದ ಹಾಸ್ಟೆಲಿನಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಳು. ಅಲ್ಲಿ ತಂದೆತಾಯಿಗಳನ್ನು ಒಳಗೆ ಬಿಡುವುದು ಭಾನುವಾರ ಮಾತ್ರ, ಹತ್ತರಿಂದ ಒಂದರ ತನಕ. ಅಕ್ಕ ಬಸ್ಸಿಳಿಯುವ ಹೊತ್ತಿಗೆ ಗೇಟಿಗೆ ಬೀಗ. ಶೇಂಗಾ ಉಂಡಿಯ ಡಬ್ಬಿಯನ್ನು ವಾಚ್‌ಮನ್ ಕೈಗೆ ಕೊಟ್ಟು ವಾಪಸ್ಸು. ಹೀಗೆ ಎಷ್ಟೋ ವಾರವಾದ ಮೇಲೆ ವಾರ್ಡನ್ ಫೋನಿನಿಂದ ಮಗಳು ಹೇಳಿದಳಂತೆ: “ಅವ್ವಾ, ಇನ್ನ ಬರ್ತೀನಿ ಅಂತ ಹೇಳಬ್ಯಾಡ. ನಾ ಗೇಟಿನ ಹತ್ರ ನಿಂದ್ರಂಗಿಲ್ಲ.”

ಅಕ್ಕ ಅದನ್ನು ರೊಟ್ಟಿ ಮುರಿಯುತ್ತಾ ಹೇಳಿದಳು. ನನ್ನ ಬಾಯಲ್ಲಿ ಒಂದು ಜೋಕು ತಯಾರಿತ್ತು. ನುಂಗಿಕೊಂಡೆ.

ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಬೇಕೆಂದು ನಿರ್ಧರಿಸಿದ ಮೇಲೆ ತಿಳಿದದ್ದು: ಬಿಡುವಿಲ್ಲ ಎಂದು ದೂರು ಕೊಡಲು ಮೊದಲು ಬಿಡುವು ಬೇಕು. ನಮ್ಮ ರಜೆ ಭಾನುವಾರ, ಅವರ ರಜೆಯೂ ಭಾನುವಾರ. ಕೊನೆಗೆ ಸೀರೆಗಳಿಗೆ ಫಾಲ್ ಹಚ್ಚಿಸಲು ದರ್ಜಿಯ ಬಳಿ ಹೋಗುತ್ತೇನೆಂದು ಹೇಳಿ, ಗಂಟು ಹೊತ್ತುಕೊಂಡೇ ಕಚೇರಿಗೆ ಹೋದೆ. ನಿರೀಕ್ಷಕರು ಮೈಸೂರು ಕಡೆಯ ಮೇಡಂ.

“ಸೀರೆ ಮಾರೋಕೆ ಬಂದಿದ್ದೀಯೇನಪ್ಪ?”

“ಇಲ್ರಿ ಮೇಡಂ, ಮಾರಿ ಸಾಕಾಗಿ ಬಂದೀನಿ.”

ಅವರು ನಕ್ಕು ಕೂರಿಸಿದರು. ಕುರ್ಚಿ! ನನ್ನ ದೂರು ಕೇಳಿ ಕಾನೂನು ಹೇಳಿದರು: ದಿನಕ್ಕೆ ಒಂಬತ್ತು ತಾಸು, ವಾರಕ್ಕೆ ನಲವತ್ತೆಂಟು. ಅದಕ್ಕಿಂತ ಹೆಚ್ಚಾದರೆ ದುಪ್ಪಟ್ಟು ಕೂಲಿ, ಆದರೂ ದಿನಕ್ಕೆ ಹತ್ತು ತಾಸು ದಾಟುವಂತಿಲ್ಲ. ಸತತ ಐದು ತಾಸು ದುಡಿಸಿದರೆ ಒಂದು ತಾಸು ವಿಶ್ರಾಂತಿ ಕೊಡಲೇಬೇಕು. ಇಷ್ಟು ಹೇಳಿ, ಕೊನೆಗೆ ನನ್ನತ್ತ ಬೆರಳು ತೋರಿಸಿದರು: “ರಜೆ ದಿನ ಅಂಗಡಿಗಾಗಲಿ, ಅಂಗಡಿ ಕೆಲಸಕ್ಕೆ ಅಂತ ಬೇರೆಲ್ಲಿಗಾಗಲಿ ಅವರು ಕರೆಯೋ ಹಾಗಿಲ್ಲ. ನೀವು ಹೋಗೋ ಹಾಗೂ ಇಲ್ಲ. ಹೋದರೆ ನಿಮ್ಮದೂ ತಪ್ಪೇ ಕಣಪ್ಪ.”

ಅಂದರೆ ಇಷ್ಟು ವರ್ಷ ನಾವು ಭಾನುವಾರಕ್ಕೊಮ್ಮೆ ತಪ್ಪು ಮಾಡುತ್ತಿದ್ದೆವು. ಅದೂ ಊಟ ಬಿಟ್ಟು.

ಮುಂದಿನ ಬುಧವಾರ ಮೇಡಂ ಅಂಗಡಿಗೆ ಬಂದರು. ನನ್ನ ಗುರುತು ಇಲ್ಲದವರಂತೆ ಹಾಜರಿ ಪುಸ್ತಕ ಕೇಳಿದರು. ನಮ್ಮಲ್ಲೊಂದು ಪದ್ಧತಿಯಿತ್ತು. ತಿಂಗಳ ಒಂದನೇ ತಾರೀಖು ಇಡೀ ತಿಂಗಳ ಸಹಿಯನ್ನು ಒಟ್ಟಿಗೇ ಹಾಕಿಸುತ್ತಿದ್ದರು. ಭಾನುವಾರದ ಚೌಕಗಳನ್ನು ಖಾಲಿ ಬಿಡಬೇಕು, ಅಲ್ಲಿ ತಿಂಗಳ ಕೊನೆಗೆ ಸಾವ್ಕಾರರು ‘ರಜೆ’ ಎಂದು ಬರೆಯುತ್ತಿದ್ದರು. ಆ ತಿಂಗಳು ನಾನು ಸಿನಿಮಾ ಹೀರೋ ಅಭಿಮಾನಿಗಳಿಗೆ ಆಟೋಗ್ರಾಫ್ ಕೊಡುವ ಧಾಟಿಯಲ್ಲಿ, ತಲೆ ಎತ್ತದೆ, ಎಲ್ಲ ಚೌಕಗಳಿಗೂ ಗೀಚಿಬಿಟ್ಟಿದ್ದೆ.

“ಇಲ್ಲೊಬ್ಬ ರಜೆ ದಿನವೂ ಸಹಿ ಮಾಡಿದ್ದಾನಲ್ಲ?”

ಸಾವ್ಕಾರರು ನನ್ನನ್ನು ನುಂಗುವಂತೆ ನೋಡಿದರು. “ಅವಾ ಹುಚ್ಚ ಅದಾನ್ರಿ ಮೇಡಂ. ಇಡೀ ತಿಂಗಳದ್ದು ಒಮ್ಮಿಗೇ ಹಾಕು ಅಂದ್ರ ನೋಡದ ಗೀಚ್ಯಾನ.”

ತಾವೇನು ಹೇಳಿಬಿಟ್ಟೆವೆಂದು ಸಾವ್ಕಾರರಿಗೆ ಹೊಳೆಯುವ ಮೊದಲೇ ಮೇಡಂ ಹಾಳೆಯ ಕೊನೆಯ ಸಾಲಿಗೆ ಬೆರಳಿಟ್ಟಿದ್ದರು. “ಓಹೋ. ಇವನು ಬರೋ ವಾರದ ಕೆಲಸಾನೂ ಮುಗಿಸಿಬಿಟ್ಟಿದ್ದಾನೆ.” ಆಮೇಲೆ ನನ್ನತ್ತ ತಿರುಗಿದರು. “ಹೇಳಪ್ಪ, ಹೋದ ಭಾನುವಾರ ಬಂದಿದ್ಯಾ?”

ನನಗೆ ಎಲ್ಲರ ದನಿಯೂ ಬರುತ್ತದೆ. ಆಗ ನನ್ನದೇ ಸಿಗಲಿಲ್ಲ. ಸಿಕ್ಕಿದ್ದು ಸಣ್ಣಗಿತ್ತು. “ಬಂದಿದ್ದೆರಿ.”

ಹಿಂದಿನಿಂದ ಅಕ್ಕನ ದನಿ ನನ್ನದಕ್ಕಿಂತ ಗಟ್ಟಿಯಾಗಿ ಬಂತು. “ನಾನೂ ಬಂದಿದ್ದೆರಿ. ಎಲ್ಲಾ ಐತವಾರ ಬರ್ತೀವ್ರಿ, ಎರಡರ ತನಕ. ಬರಕೋರಿ.”

ಮೇಡಂ ಬರೆದುಕೊಂಡು, ಅಕ್ಕನ ಸಹಿ, ನನ್ನ ಸಹಿ ತೆಗೆದುಕೊಂಡು, ಸಾವ್ಕಾರರ ಕೈಗೆ ನೋಟಿಸು ಕೊಟ್ಟು ಹೋದರು.

ಶನಿವಾರ ಸಂಜೆ ಸಾವ್ಕಾರರು ಬೆಲ್ಲದಂಥ ದನಿ ತೆಗೆದರು. ಆ ದನಿ ನನ್ನ ಸಂಗ್ರಹದಲ್ಲಿ ಇರಲಿಲ್ಲ. “ನಾಳಿಗಿ ಅಂಗಡಿ ಬ್ಯಾಡ, ಬಂದ್. ನಮ್ಮ ಮನಿಗಿ ಬರ್ರಿ. ಮ್ಯಾಲಿನ ಖೋಲಿಯೊಳಗ ಲಗ್ನದ ಸೀರಿ ಬಂದಾವ, ಬಿಚ್ಚಿ ಇಟ್ಟು ಹೋಗೂರಂತ. ಮನಿಗಿ ಬರಾಕ ಯಾವ ಕಾನೂನು ಅಡ್ಡ ಬರ್ತದ?”

“ಅದಾ ಕಾನೂನು ಅಡ್ಡ ಬರ್ತದ್ರಿ,” ಎಂದೆ. “ಬ್ಯಾರೆ ಕಡಿಗೂ ಕರಿಯಂಗಿಲ್ಲ. ಬಂದ್ರ ನಮ್ದೂ ತಪ್ಪಾಗ್ತದ. ನಿಮ್ಮ ಸಲುವಾಗಿ ನಾವ್ಯಾಕ ತಪ್ಪು ಮಾಡೂಣ್ರಿ?”

“ನೀ ಸುಮ್ಕಿರಲೇ, ಮಂಗ್ಯಾ.” ಅವರು ಅಕ್ಕನತ್ತ ತಿರುಗಿದರು. “ಹದಿನೈದು ವರ್ಷ ಈ ಅಂಗಡಿ ಅನ್ನ ತಿಂದೀ. ನೀನೂ ಹಿಂಗಾ?”

ಅಕ್ಕ ಕೈಯಲ್ಲಿದ್ದ ಸೀರೆಯನ್ನು ಮಡಚುವುದನ್ನು ನಿಲ್ಲಿಸಲಿಲ್ಲ. “ದುಡದು ತಿಂದೀನ್ರಿ. ನಾಳಿ ನಾ ಬರಂಗಿಲ್ಲ.”

“ಹಂಗಾದ್ರ ಸೋಮವಾರ ನಿನಗ ಶಟರ್ ಏಳಂಗಿಲ್ಲ, ನೋಡು.”

“ಏಳದಿದ್ರ ಹೊರಗ ಕುಂದರ್ತೀನ್ರಿ. ಬರುವಾಗ ಮನಿಯಿಂದ ಸ್ಟೂಲ್ ತರ್ತೀನಿ. ಯಾಕ ಕುಂತೀದಿ ಅಂತ ಯಾರರ ಕೇಳಿದ್ರ ಹೇಳ್ತೀನಿ.”

ಉಳಿದಿಬ್ಬರು ನೆಲ ನೋಡುತ್ತಿದ್ದರು. ಅವರಲ್ಲೊಬ್ಬ, ನೆಲಕ್ಕೇ ಹೇಳುವವನಂತೆ, “ನನಗೂ ಆಗಂಗಿಲ್ರಿ” ಎಂದ. ಇನ್ನೊಬ್ಬ ಹೋಗಿ, ರಜೆಯ ಬೋರ್ಡಿಗೆ ಅಡ್ಡವಾಗಿ ನೇತಾಡುತ್ತಿದ್ದ ಕ್ಯಾಲೆಂಡರನ್ನು ಪಕ್ಕಕ್ಕೆ ಸರಿಸಿದ.

ಭಾನುವಾರ ನನಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಇಡೀ ಒಂದು ದಿನವನ್ನು ಯಾರೂ ನನಗೆ ಕೊಟ್ಟಿರಲಿಲ್ಲ. ಎದ್ದು, ಮನೆಯ ನಡುವೆ ನಿಂತು, ಕೊನೆಗೆ ಅಕ್ಕನ ಡಬ್ಬಿ ಹೊರಲು ಅವಳ ಜೊತೆ ಸುರಪುರದ ಬಸ್ಸು ಹತ್ತಿದೆ.

ಹತ್ತಕ್ಕೆ ಗೇಟು ತೆರೆದಿತ್ತು. ಮಗಳು ಅಲ್ಲಿರಲಿಲ್ಲ. ಹೇಳಿದಂತೆಯೇ ಮಾಡಿದ್ದಳು. ವಾಚ್‌ಮನ್ ಕೂಗಿದ ಮೇಲೆ ನಿಧಾನಕ್ಕೆ ಬಂದು, ತಾಯಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಳು.

“ಎಷ್ಟೊತ್ತಿಗಿ ಹೋಗ್ತಿ?”

“ಒಂದಕ್ಕ. ಇವರು ಹೊರಗ ಹಾಕೋ ತನಕ.”

ಆಗಲೇ ಅಕ್ಕನ ಫೋನು ಬಡಿದುಕೊಂಡಿತು. ಸಾವ್ಕಾರರು. ಅಕ್ಕ ಒಂದು ಕ್ಷಣ ನೋಡಿ ಅದನ್ನು ನನ್ನ ಕೈಗಿಟ್ಟಳು. ನಾನು ಹೊಟ್ಟೆ ಮುಂದೆ ಮಾಡಿ, ಮೂಗಿನಿಂದ, ಅವರದೇ ದನಿಯಲ್ಲಿ ಹೇಳಿದೆ: “ಲೇ, ಇವತ್ತ ಅಂಗಡಿ ಬಂದ್ ಅದ! ಬೋರ್ಡ್ ಓದಾಕ ಬರಂಗಿಲ್ಲೇನು? ಸೋಮವಾರ ಬಾ!”

ಹುಡುಗಿ ಬಾಯಿ ಮುಚ್ಚಿಕೊಂಡು ನಗುತ್ತಾ ತಾಯಿಯ ತೋಳು ಹಿಡಿದಿದ್ದಳು. ನಾನು ಫೋನು ಕಟ್ ಮಾಡಿ ಟೈಮು ನೋಡಿದೆ. ಒಂದು ಗಂಟೆಗೆ ಇನ್ನೂ ಎರಡೂಮುಕ್ಕಾಲು ತಾಸು ಇತ್ತು.