ಕಿವಿಯ ಹಿಂದಿನ ಕೂದಲು

ಯಲ್ಲಕ್ಕ ಅನುಸೂಯಳನ್ನು ಮೊದಲು ಕಂಡದ್ದು ೨೦೦೫ರಲ್ಲಿ, ಹಿರಿಯೂರು ಬಸ್ ನಿಲ್ದಾಣದ ಎದುರಿನ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ. ಇಪ್ಪತ್ತು ವರ್ಷದಿಂದ ಊರವರ ಮುಖದ ಮೊಡವೆ, ಕಲೆ ಅಳಿಸುತ್ತ ಕೂತವಳು ಅನುಸೂಯ. ಅವಳ ಮುಖ ನೋಡಿದವರೇ ಕಡಿಮೆ. ಮೇಜಿನ ಗಾಜಿನಡಿ ಅವಳದೇ ಹರೆಯದ ಪಾಸ್‌ಪೋರ್ಟ್ ಫೋಟೋ ಒಂದಿತ್ತು. ಕೋಣೆಯಲ್ಲಿ ಅವಳಿಗೆ ಜೊತೆ ಅದೊಂದೇ.

ಯಲ್ಲಕ್ಕ ಸೆರಗಿನ ಗಂಟು ಬಿಚ್ಚಿ ಮಗಳು ಮಾನಸಳ ಫೋಟೋ ಕೊಟ್ಟಳು. ಹರಕೆಗೆ ಮುಡಿ ಕೊಟ್ಟು ಬಂದ ವಾರ ತೆಗೆದದ್ದು. ಆ ತಿಂಗಳೇ ಜ್ವರ ಬಂದು ಹುಡುಗಿ ತೀರಿಕೊಂಡಿದ್ದಳು. ಬೇರೆ ಫೋಟೋ ಇರಲಿಲ್ಲ.

"ಗುರುವಾರ ವರ್ಷದ ಎಡೆ ಐತೆ ತಾಯಿ. ಬೋಳುತಲೇಲಿ ಗೋಡೆ ಮ್ಯಾಲೆ ಹೆಂಗೆ ಕೂರಿಸ್ಲಿ? ಒಂದೀಟು ಕೂದ್ಲು ಕೊಡು."

ಅನುಸೂಯ ಫೋಟೋವನ್ನು ಕಂಪ್ಯೂಟರಿಗೆ ಏರಿಸಿ, ಸೀಡಿಯಲ್ಲಿದ್ದ ಯಾವುದೋ ಮದುಮಗಳ ಚಿತ್ರದ ಕೂದಲು ಅಂಟಿಸಿದಳು.

"ಅಯ್ಯೋ, ನನ್ ಮಗ್ಳೇನು ನಾಟಕದ ರಾಣಿಯೇನೇ? ಟೋಪಿ ಇಟ್ಟಂಗೈತೆ!"

ಅನುಸೂಯ ನಕ್ಕಳು. "ಬ್ಯಾರೆ ಕೂದ್ಲು ಹುಡುಕ್ತೀನಿ. ನಾಳೆ ಬರ್ರಿ."

ಮರುದಿನ ತೆರೆಯ ಮೇಲಿದ್ದದ್ದು ತೆಳ್ಳನೆಯ, ನೇರ ಬೈತಲೆಯ ಕೂದಲು. ಹೆಚ್ಚುಕಡಿಮೆ ಮಾನಸಳದೇ. ಆದರೂ ಟೋಪಿ ಇಟ್ಟ ಹಾಗೆಯೇ.

"ಇಲ್ನೋಡ್ರಿ," ಅನುಸೂಯ ಚಿತ್ರ ಹಿಗ್ಗಿಸಿದಳು. "ಕ್ಯಾಮೆರಾ ಕಣ್ಣಿಗೆ ನೆಟ್ಟೈತೆ. ರೆಪ್ಪೆ ಎಣಿಸಬೌದು, ಕಿವೀಲಿ ಓಲೆ ಆಗ್ಲೇ ಮಸುಕು. ನಾನು ಹಾಕಿದ ಕೂದ್ಲು ಕಿವಿ ಹಿಂದೂ ಎಳೆಎಳೆಯಾಗಿ ಕಾಣ್ತೈತೆ. ಅದ್ಕೇ ಹಿಂದಿರೋದು ಮುಂದೆ ಬಂದಂಗೈತೆ."

ಹಾಗೆಂದು ಇಡೀ ಕೂದಲನ್ನು ಮಸುಕು ಮಾಡಿದಳು. ಉಣ್ಣೆ ಹಿಂಜಿ ಎಳೆ ನೋಡಿಯೇ ಮುದುಕಿಯಾದ ಯಲ್ಲಕ್ಕ ತಲೆಯಾಡಿಸಿದಳು.

"ಈಗ ಹೊಗೆ ಕುಂತಂಗೈತೆ. ಹಣೆ ಮ್ಯಾಗಳ ಕೂದ್ಲು ಹುಬ್ಬಿನ ನೆರೆಮನೇದಲ್ವೇನೇ? ಹುಬ್ಬು ಕಂಡ್ರೆ ಅದೂ ಕಾಣ್ಬೇಕು."

ಅನುಸೂಯ ಆ ಮಸುಕನ್ನು ತೆಗೆದಳು. ಆಮೇಲೆ ಕೂದಲನ್ನು ಮೂರು ಪದರ ಮಾಡಿದಳು. ಹಣೆಯದನ್ನು ಹುಬ್ಬಿನಷ್ಟೇ ಸ್ಪಷ್ಟ ಉಳಿಸಿದಳು. ಕಿವಿಯ ಮೇಲಿನದನ್ನು ಓಲೆಯ ಅಂಚಿಗೆ ಸರಿಹೋಗುವವರೆಗೆ ಕರಗಿಸಿದಳು. ಹಿಂದಿನದನ್ನು ಇನ್ನೂ ಹೆಚ್ಚು. ಕತ್ತರಿಯಲ್ಲಿ ಕೊರೆದಂತಿದ್ದ ಅಂಚನ್ನು ಮೆತ್ತನೆ ಕುಂಚದಿಂದ ಸವೆಸಿ, ನಾಲ್ಕಾರು ಹಾರುಗೂದಲು ಎಳೆದು, ಅವವುಗಳ ಜಾಗಕ್ಕೆ ತಕ್ಕಂತೆ ಅವನ್ನೂ ಮಸುಕಾಗಿಸಿದಳು. ಮಸುಕು ಮಾಡಿದ ಕಡೆ ಚಿತ್ರ ತೀರಾ ನುಣ್ಣಗೆ ಕಾಣುತ್ತಿತ್ತು. ಹಳೆ ಫೋಟೋದಲ್ಲಿದ್ದಂತಹ ಮರಳಿನಂಥ ಸಣ್ಣ ಚುಕ್ಕೆ ಅಲ್ಲೂ ಉದುರಿಸಿದಳು.

ಮಾನಸ ತಿರುಗಿ ನೋಡಿದ ಹಾಗಾಯಿತು. ಯಲ್ಲಕ್ಕ ತೆರೆಯನ್ನೇ ಸವರಿದಳು.

ಏಳುವಾಗ ಕಂಡಿತು: ಗಾಜಿನಡಿಯ ಪಾಸ್‌ಪೋರ್ಟ್ ಫೋಟೋ ಈಗ ಸ್ಕ್ಯಾನರಿನ ಮೇಲಿತ್ತು. ಮಾನಸಳ ತಲೆಗಿಟ್ಟ ಅದೇ ಬೈತಲೆ. 

ಅಲ್ಲಿಂದ ಯಲ್ಲಕ್ಕ ಪ್ರತಿ ವರ್ಷ ಎಡೆ ಮುಗಿದ ಮರುದಿನ ತನ್ನೂರು ಜವನಗೊಂಡನಹಳ್ಳಿಯಿಂದ ಬಸ್ಸು ಹತ್ತಿ ಬಂದು ಅನುಸೂಯಳಿಗೆ ಹೋಳಿಗೆ ಕೊಟ್ಟು ಹೋಗುತ್ತಿದ್ದಳು. ಆ ಕೋಣೆಗೆ ಬೇರೆ ಯಾರೂ ಬರುತ್ತಿರಲಿಲ್ಲ.

೨೦೦೯ರಲ್ಲಿ ಸ್ಟುಡಿಯೋ ಮುಚ್ಚುವ ದಿನ ಅನುಸೂಯ ಬಾಗಿಲವರೆಗೆ ಬಂದಳು. ತಲೆ ಮೇಲಿನ ಸೆರಗು ಜಾರಿದಾಗ ಅವಳ ಕೂದಲು ಪೂರ್ತಿ ನರೆತದ್ದು ಕಂಡಿತು.

"ಯಲ್ಲಕ್ಕ, ಫೋಟೋಕ್ಕೆ ಹಾರ ಹಾಕ್ತೀರಲ್ಲ," ಅಂದಳು, ನೆಲ ನೋಡುತ್ತ. "ಹೂವು ಆ ಕೂದ್ಲಿಗೂ ತಾಗ್ತೈತಾ?"