ದಾನಿಗಳಿಗೆ ಹೋಗದ ಕಥೆ

ರಶ್ಮಿತಾ ನಮ್ಮ ಸಂಸ್ಥೆಗೆ ಬಂದದ್ದು ಆರು ವಾರದ ಇಂಟರ್ನ್‌ಶಿಪ್ಪಿಗೆ. ಸಮಾಜಕಾರ್ಯದ ಎಂ.ಎ. ವಿದ್ಯಾರ್ಥಿನಿ. ಅಪ್ಪ ಮೋನಪ್ಪನವರು ಮಂಗಳೂರು ಕಡೆಯಿಂದ ದೇಶದ ರಾಜಧಾನಿಗೆ ಬಂದು ಪೀತಮ್‌ಪುರದಲ್ಲಿ ಹೋಟೆಲ್ ಇಟ್ಟವರು. ಹುಡುಗಿ ಚಿಕ್ಕಂದಿನಿಂದ ಕ್ಯಾಷ್ ಕೌಂಟರಿನ ಪಕ್ಕ ಕೂತು ಹೋಮ್‌ವರ್ಕ್ ಮಾಡಿದವಳು. ಯಾವ ಗಿರಾಕಿಗೆ ಚಟ್ನಿ ಜಾಸ್ತಿ ಬೇಕು ಅನ್ನುವುದೆಲ್ಲ ನೆನಪಿರುತ್ತದಂತೆ. ಇದನ್ನು ಅವಳೇ ಮೊದಲ ದಿನ ಹೇಳಿದಾಗ ನಾನು ಒಳಗೊಳಗೇ, ಅಯ್ಯೋ ರಾಮಾ, ಇದರಿಂದ ನನಗೇನು ಉಪಯೋಗ ಅಂದುಕೊಂಡೆ.

ಮುನಿರ್ಕಾದ ಎರಡನೇ ಮಹಡಿಯ ಆಫೀಸಿನಲ್ಲಿ ದಾನಿಗಳಿಗೆ ವರದಿ ಕಳಿಸುವುದು ನನ್ನ ಕೆಲಸ. ಹದಿನೈದು ವರ್ಷದಿಂದ ಮಾಡುತ್ತಿದ್ದೇನೆ, ಹಾಗಾಗಿ ಸ್ವಲ್ಪ ಕೊಬ್ಬೂ ಇದೆ. ಮೊದಲ ದಿನ ಅವಳಿಗೆ ಕೊಡಲು ಕೆಲಸವಿರಲಿಲ್ಲ. ಸುಮ್ಮನೆ ಕೂತಿರಬೇಡ ಅಂತ ನಮ್ಮ ನಿಯಮದ ಪುಸ್ತಕ ಕೊಟ್ಟೆ. ಪುಣ್ಯಾತ್ಗಿತ್ತಿ ಕೊನೆಯ ಪುಟದವರೆಗೂ ಓದಿಬಿಟ್ಟಳು.

ಎರಡನೇ ವಾರ ವಸಂತ್ ಕುಂಜ್ ಫ್ಲ್ಯಾಟುಗಳ ಹಿಂದಿನ ಬಸ್ತಿಗೆ, ಅಂದರೆ ಕೊಳೆಗೇರಿಗೆ ಕಳಿಸಿದೆ. ಅಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಮ್ಮ ಮಹಿಳಾ ಅಕ್ಷರ ತರಗತಿ ನಡೆಯುತ್ತದೆ. ಅದರ ಖರ್ಚು ಗುರುಗ್ರಾಮದ ಒಂದು ಕಂಪನಿಯದು. ಮೂರು ತಿಂಗಳಿಗೊಮ್ಮೆ ಅವರಿಗೆ ಎರಡು ಪುಟದ ವರದಿ ಹೋಗಬೇಕು: ಎಷ್ಟು ಜನ ಸೇರಿದರು, ಎಷ್ಟು ಜನ ನಿಜಕ್ಕೂ ಬರುತ್ತಾರೆ, ಏನು ಕಲಿತರು, ಮತ್ತೆ ಫೋಟೋ ಸಮೇತ ಒಬ್ಬಳ ಕಥೆ. ಆ ಕಥೆಯನ್ನು ಕಂಪನಿಯವರು ಹಿಂದಿಗೂ ಅನುವಾದ ಮಾಡಿಸಿ ಕ್ಯಾಂಟೀನಿನ ಬೋರ್ಡಿಗೆ ಅಂಟಿಸುತ್ತಾರೆ.

ರಶ್ಮಿತಾ ಹಿಡಿದು ತಂದದ್ದು ಫೂಲ್‌ವತಿಯ ಕಥೆ. ನಲವತ್ತೆರಡು ವಯಸ್ಸು, ಗೇಟಿನ ಹತ್ತಿರ ಬೇವಿನ ಮರದಡಿ ಇಸ್ತ್ರಿ ಗಾಡಿ. ರಶ್ಮಿತಾ ಪ್ರಶ್ನೆಗಳ ಪಟ್ಟಿಯನ್ನು ಚೀಲದಲ್ಲೇ ಬಿಟ್ಟು ಎರಡು ಗಂಟೆ ಬಟ್ಟೆ ಮಡಚಿಕೊಟ್ಟಿದ್ದಾಳೆ. ಆಕೆ ಇಸ್ತ್ರಿ ಉಜ್ಜುತ್ತಾ ಎಲ್ಲವನ್ನೂ ಹೇಳಿಕೊಂಡಿದ್ದಾಳೆ. ಗಂಡ ಕುಡಿದು ಮನೆಯ ಪಾತ್ರೆ ಮಾರಿದ್ದು, ಈಗ ಎರಡು ವರ್ಷದಿಂದ ಕುಡಿತ ಬಿಟ್ಟಿರುವುದು, ಯಾವ ಬಟ್ಟೆ ಯಾವ ಫ್ಲ್ಯಾಟಿನದೆಂದು ಬರೆದುಕೊಳ್ಳಲೆಂದೇ ತಾನು ತರಗತಿಗೆ ಸೇರಿದ್ದು.

ಕರಡು ಚೆನ್ನಾಗಿತ್ತು. ಆದರೆ ಶುರುವಾಗುತ್ತಿದ್ದದ್ದು ಫ್ಲ್ಯಾಟ್ ನಂಬರುಗಳಿಂದ.

"ಗಂಡನ ಕುಡಿತದಿಂದ ಶುರು ಮಾಡು" ಅಂದೆ. "ಪಾತ್ರೆ ಮಾರಿದ್ದು ಮೊದಲನೇ ಸಾಲಿಗೆ ಬರ್ಲಿ. ಓದೋರು ಅಲ್ಲೇ ನಿಲ್ಲಬೇಕು."

"ಅವ್ರು ಬಿಟ್ಬಿಟ್ಟಿದ್ದಾರಲ್ಲ ಅಕ್ಕಾ?"

"ಬಿಟ್ಟದ್ದನ್ನ ಕೊನೇಲಿ ಹಾಕು. ಹೆಸರು ಬದಲಾಯಿಸು, ಫೋಟೋ ಹಿಂದಿನಿಂದ ತೆಗೆದದ್ದು ಇರ್ಲಿ. ಮುಗೀತು."

"ಅಚ್ಛಾ" ಅಂದಳು, ಹಾಗೇ ಬರೆದಳು. ಫೂಲ್‌ವತಿ 'ಸುನೀತಾ' ಆದಳು. ಶುಕ್ರವಾರ ಸಂಜೆ ಕಳಿಸಬೇಕು. ಗುರುವಾರ ಬೆಳಿಗ್ಗೆ ಇವಳು ನಿಯಮದ ಪುಸ್ತಕ ಹಿಡಿದು ನನ್ನ ಮೇಜಿನ ಮುಂದೆ ನಿಂತಳು.

"ಹರ್ಷಿಣಿ ಅಕ್ಕಾ, ಕಳಿಸೋ ಮುಂಚೆ ಕಥೆ ಯಾರದೋ ಅವ್ರಿಗೆ ಓದಿ ಹೇಳ್ಬೇಕು ಅಂತಿದೆ. ಆಮೇಲೇನೇ ಒಪ್ಪಿಗೆ ಪತ್ರಕ್ಕೆ ಸಹಿ."

ಆ ನಿಯಮ ಬರೆದವಳು ನಾನೇ. ಪಾಲಿಸಿದ್ದು ಒಮ್ಮೆಯೂ ಇಲ್ಲ. ಭೇಟಿಯ ದಿನವೇ ಹೆಬ್ಬೆಟ್ಟು ಒತ್ತಿಸಿಕೊಂಡು ಬರುವುದು ನಮ್ಮ ರೂಢಿ. ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ? "ಚಲೋ, ಹೋಗು. ಎರಡು ಗಂಟೇಲಿ ವಾಪಸ್ ಬಾ" ಅಂತ ಸಿಡುಕಿದೆ.

ಬಂದದ್ದು ಸಂಜೆ ಐದೂವರೆಗೆ. ನಡೆದದ್ದನ್ನು ನೀರು ಕುಡಿಯುತ್ತಾ ಹೇಳಿದಳು.

ಕಥೆಯನ್ನು ಹಿಂದಿಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿಕೊಂಡು ಹೋಗಿದ್ದಾಳೆ. ಓದಿ ಹೇಳಲು ಹೊರಟರೆ ಫೂಲ್‌ವತಿ ಹಾಳೆಯನ್ನು ಕಿತ್ತುಕೊಂಡಿದ್ದಾಳೆ. "ಎಂಟು ತಿಂಗಳು ನಾನು ಕಲಿತದ್ದು ಯಾಕೆ, ನೀನು ಓದೋದಕ್ಕಾ? ಕೊಡು ಇಲ್ಲಿ." ಇಸ್ತ್ರಿಯನ್ನು ಪಕ್ಕಕ್ಕಿಟ್ಟು ಅಕ್ಷರ ಅಕ್ಷರ ಕೂಡಿಸಿ ಓದಲು ಕೂತಿದ್ದಾಳೆ. ಬಟ್ಟೆ ಕೊಡಲು ಬಂದವರನ್ನೆಲ್ಲ ಆಮೇಲೆ ಬನ್ನಿ ಅಂತ ಕಳಿಸಿದ್ದಾಳೆ. ಒಂದು ಪುಟಕ್ಕೆ ಮುಕ್ಕಾಲು ಗಂಟೆ ಹಿಡಿದಿದೆ.

"ಈ ಸುನೀತಾ ಯಾರು?" ಎಂದು ಕೇಳಿದ್ದಾಳೆ.

"ನೀವೇ ದೀದಿ. ಗೊತ್ತಾಗಬಾರದು ಅಂತ ಹೆಸರು ಬದಲಾಯಿಸಿದ್ದೇವೆ."

"ಎರಡನೇ ಸಾಲಿಗೇ ನನಗೆ ನಾನೇ ಅಂತ ಗೊತ್ತಾಯ್ತು. ಬೇವಿನ ಮರ, ಇಸ್ತ್ರಿ, ಇಬ್ಬರು ಹೆಣ್ಣುಮಕ್ಕಳು, ಕುಡುಕ ಗಂಡ. ಬೇರೆಯವರಿಗೆ ಗೊತ್ತಾಗಲ್ವಾ? ಇದು ಹೋಗೋದೆಲ್ಲಿಗೆ?"

ರಶ್ಮಿತಾ ಕಂಪನಿಯ ಹೆಸರು ಹೇಳಿದ್ದಾಳೆ, ಕ್ಯಾಂಟೀನಿನ ಬೋರ್ಡಿನ ವಿಷಯವನ್ನೂ ಹೇಳಿದ್ದಾಳೆ. ಫೂಲ್‌ವತಿ ಹಾಳೆಯನ್ನು ಮಗುಚಿ ಇಟ್ಟಳಂತೆ. ದೊಡ್ಡ ಮಗಳಿಗೆ ಮದುವೆ ಗೊತ್ತಾದ ಹುಡುಗ ಅದೇ ಕಂಪನಿಯ ಸ್ಟಾಫ್ ಬಸ್ಸಿನ ಡ್ರೈವರ್. ದಿನಾ ಊಟ ಮಾಡುವುದು ಅದೇ ಕ್ಯಾಂಟೀನಿನಲ್ಲಿ. ಮಾವನ ಹಳೆಯ ಕುಡಿತದ ವಿಷಯ ಆ ಮನೆಯವರಿಗೆ ತಿಳಿಯದು. ತಿಳಿದರೆ ಮದುವೆ ಅಲ್ಲಿಗೇ ನಿಂತುಹೋಗುತ್ತದೆ.

"ನಾನು ಹೇಳಿದ್ದು ನಿನಗೆ" ಎಂದಳಂತೆ ಫೂಲ್‌ವತಿ. "ನೀನು ಜೊತೆಗೆ ಕೂತು ಬಟ್ಟೆ ಮಡಚಿದೆ, ಅದಕ್ಕೇ ಹೇಳಿದೆ. ಕಂಪನಿಗೆ ಹೇಳಿಲ್ಲ."

ಇದನ್ನು ಕೇಳಿ ನನಗೆ ನಾಚಿಕೆಯಾಯಿತು. ಹದಿನೈದು ವರ್ಷದಲ್ಲಿ ಇಂಥ ಎಷ್ಟು ಸುನೀತಾಗಳನ್ನು ಕಳಿಸಿದ್ದೇನೋ!

ರಶ್ಮಿತಾ ಒಪ್ಪಿಗೆ ಪತ್ರವನ್ನು ಮೇಜಿನ ಮೇಲಿಟ್ಟಳು. ಅದರಲ್ಲಿ ಎರಡು ಚೌಕ, 'ಹೌದು' ಮತ್ತು 'ಇಲ್ಲ'. 'ಇಲ್ಲ' ಎಂಬುದಕ್ಕೆ ಗುರುತು ಬಿದ್ದಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಹೆಬ್ಬೆಟ್ಟಿನ ಜಾಗದಲ್ಲಿ ಓರೆಕೋರೆ ಹಿಂದಿಯಲ್ಲಿ ಬರೆದಿತ್ತು: 'ನನ್ನ ಮಗಳ ಮದುವೆ ಇದೆ. ಇದನ್ನು ಹಾಕಬೇಡಿ. ಫೂಲ್‌ವತಿ.'

ಆ ತರಗತಿಯಲ್ಲಿ ಯಾರೂ ತಾವಾಗಿ ಇಷ್ಟುದ್ದ ಬರೆದಿರಲಿಲ್ಲ. ನನ್ನ ಹಳೇ ಬುದ್ಧಿ ಎಲ್ಲಿ ಹೋಗುತ್ತೆ ಹೇಳಿ, ಅದರ ಫೋಟೋ ತೆಗೆಯಲು ಕೈ ಫೋನಿಗೆ ಹೋಯಿತು.

"ಲೇ, ಹೆಸರು ಮುಚ್ಚಿ ಇದನ್ನೇ ಕಳಿಸೋಣ ಕಣೇ! ತರಗತಿ ನಡೀತಿದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?"

ಅವಳು ಪತ್ರವನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು. "ಹಾಕ್ಬೇಡಿ ಅಂತ ಅದ್ರಲ್ಲೇ ಬರ್ದಿದೆ ಅಲ್ವಾ ಅಕ್ಕಾ." ಎದ್ದು ಹೋಗಿ ಕಪಾಟಿನ ಫೈಲಿನಲ್ಲಿ ಸೇರಿಸಿ ಬೀಗ ಹಾಕಿದಳು.

ಶುಕ್ರವಾರ ಒಂದೂವರೆ ಪುಟದ ವರದಿ ಹೋಯಿತು. ಸೇರಿದವರು ಇಪ್ಪತ್ತಾರು, ತಪ್ಪದೆ ಬರುವವರು ಹದಿನೇಳು, ಸಣ್ಣ ವಾಕ್ಯ ಓದಬಲ್ಲವರು ಒಂಬತ್ತು. ಫೋಟೋ ಕಪ್ಪು ಹಲಗೆಯದು. ಸೋಮವಾರ ಕಂಪನಿಯಿಂದ ಪತ್ರ ಬಂತು: ಈ ಸಲ ಯಾರ ಕಥೆಯೂ ಇಲ್ಲವೇ?

ರಶ್ಮಿತಾ ಉತ್ತರ ಬರೆದು ನನಗೆ ತೋರಿಸಿದಳು. 'ಕಥೆ ಇದೆ. ಅದು ಯಾರದೋ ಅವರು ಕೊಡಲು ಒಪ್ಪಲಿಲ್ಲ. ಓದಲು ಕಲಿತಿದ್ದರಿಂದ ತಾವೇ ಓದಿ ನೋಡಿ ಬೇಡ ಎಂದರು.' ನಾನು ಕಾಮಾ ಕೂಡ ಮುಟ್ಟದೆ ಕಳಿಸಿದೆ. ಒಂದು ವಾರ ಉತ್ತರವಿಲ್ಲ, ನನಗೆ ನಿದ್ದೆಯೂ ಇಲ್ಲ. ಎಂಟನೇ ದಿನ, ಮುಂದಿನ ವರದಿಯನ್ನೂ ಇದೇ ರೀತಿ ಕಳಿಸಬಹುದು ಎಂದು ಒಂದು ಸಾಲು ಬಂತು.

ಆರು ವಾರ ಮುಗಿದು ರಶ್ಮಿತಾ ಸರ್ಟಿಫಿಕೇಟ್ ತೆಗೆದುಕೊಂಡು ಹೋದಳು. ಫೆಬ್ರವರಿಯಲ್ಲಿ ನಮ್ಮ ಆಫೀಸಿಗೆ ಒಂದು ಮದುವೆ ಕಾರ್ಡು ಬಂತು. ಮೇಲೆ ಅದೇ ಓರೆಕೋರೆ ಅಕ್ಷರದಲ್ಲಿ ರಶ್ಮಿತಾಳ ಹೆಸರು ಮಾತ್ರ ಇತ್ತು. ನನ್ನನ್ನು ಕರೆದಿರಲಿಲ್ಲ. ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಮೆಟ್ರೋ ಹತ್ತಿ ಪೀತಮ್‌ಪುರಕ್ಕೆ ಹೋಗಿ ಕಾರ್ಡನ್ನು ಅವಳ ಕೈಗೆ ಕೊಟ್ಟು ಬಂದೆ.